ಮೂರು ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ

ತಂಗಮಣಿಯ ಮೇಲ್ ಬಂತೆಂದರೆ ನನಗೆ ಬಿಪಿ ಏರುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಸೈಟ್ ಮೀಟಿಂಗ್ ಮುಗಿದು, ಟೀ ಕುಡಿದು, ಎಲ್ಲರೂ ನಗುನಗುತ್ತಾ ಕೈಮುಗಿದು ಹೊರಟಿರುತ್ತೇವೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂರುವಷ್ಟರಲ್ಲಿ ಫೋನು ಟಿಣ್ ಅನ್ನುತ್ತದೆ. ಅಲ್ಲಿಗೆ ನನ್ನ ಸಂಜೆ ಮುಗಿಯಿತು. ಮಾತಾಡುವಾಗ ಮೆತ್ತಗೆ ಇದ್ದದ್ದೆಲ್ಲ ಅವಳ ಮೇಲ್‌ನಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು.

ನಾನು ಕುಮರೇಶನ್, ಉಡುಮಲೈಪೇಟೆಯವನು. ಮನೆ ಕಟ್ಟುವ ಕಾಂಟ್ರಾಕ್ಟರ್. ತಂಗಮಣಿ ಕೊಯಮತ್ತೂರಿನ ಆರ್ಕಿಟೆಕ್ಟ್ ಚೆನ್ನಕೇಶವನ್ ಆಫೀಸಿನ ಸೈಟ್ ಸೂಪರ್‌ವೈಸರ್. ಅವರು ನಕ್ಷೆ ಹಾಕಿದ ಮನೆಗಳಲ್ಲಿ ಅರ್ಧಕ್ಕರ್ಧ ನಾನೇ ಕಟ್ಟಿದ್ದೇನೆ. ಹಾಗಾಗಿ ಅವಳ ಮೇಲ್‌ಗಳನ್ನು ನನ್ನಷ್ಟು ಓದಿದವರು ಯಾರೂ ಇಲ್ಲ. ಓದುವುದು ಎಂದರೆ ಏನು, ಇಂಗ್ಲಿಷ್ ನನಗೆ ನನ್ನ ಹೆಸರು ಗುರುತು ಹಿಡಿಯುವಷ್ಟು ಬರುತ್ತದೆ, ಉಳಿದದ್ದನ್ನು ಮಗಳು ಓದಿ ಹೇಳಬೇಕು. ಮೇಲೆ ಸೈಟಿನ ಹೆಸರು, ತಾರೀಖು, ಯಾರ್ಯಾರು ಬಂದಿದ್ದರು ಎಂಬುದು. ಕೆಳಗೆ ಕೋಷ್ಟಕ. ಏನು ತೀರ್ಮಾನವಾಯಿತು, ಯಾರು ಮಾಡಬೇಕು, ಯಾವತ್ತಿಗೆ ಮಾಡಬೇಕು. ‘ಯಾರು’ ಎಂಬ ಸಾಲಿನಲ್ಲಿ ಮೂರೇ ಹೆಸರು ಬರುತ್ತಿದ್ದವು. ಮನೆಯ ಓನರ್, ಆರ್ಕಿಟೆಕ್ಟ್, ನಾನು. ನಾನು ಮೊದಲು ಆ ಸಾಲಿನಲ್ಲಿ ಬೆರಳಾಡಿಸಿ, ನನ್ನ ತಲೆಗೆ ಎಷ್ಟು ಬಿದ್ದಿದೆ ನೋಡಿಕೊಳ್ಳುತ್ತಿದ್ದೆ. ಕಟ್ಟಕಡೆಗೆ ಯಾವಾಗಲೂ ಒಂದೇ ವಾಕ್ಯ: ಮೂರು ದಿನದೊಳಗೆ ಆಕ್ಷೇಪಣೆ ಬಾರದಿದ್ದರೆ ಎಲ್ಲರೂ ಒಪ್ಪಿದಂತೆ.

ಆ ವಾಕ್ಯದಿಂದ ನನ್ನ ಚರ್ಮ ಸುಲಿದದ್ದೂ ಉಂಟು, ಪ್ರಾಣ ಉಳಿದದ್ದೂ ಉಂಟು. ಒಮ್ಮೆ ತಿರುಪ್ಪೂರಿನ ಓನರ್ ಒಬ್ಬರು, ಅಡುಗೆಮನೆ ಗೋಡೆ ಸರಿಸಿ ಎಂದು ತಾವೇ ಹೇಳಿ, ಕಟ್ಟಿದ ಮೇಲೆ ನಾನೆಲ್ಲಿ ಹೇಳಿದೆ ಅಂದುಬಿಟ್ಟರು. ತಂಗಮಣಿ ಮಧ್ಯೆ ಬಂದಳು. ಫೋನು ತೆಗೆದು ಹಳೆಯ ಮೇಲ್ ತೋರಿಸಿದಳು. ಆ ಮನುಷ್ಯ ಗಂಟಲು ಸರಿಮಾಡಿಕೊಂಡು, ಸರಿ ಇರಲಿ, ಚೆನ್ನಾಗೇ ಬಂದಿದೆ ಅಂದರು. ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಅವಳಿದ್ದ ಸೈಟಿನಲ್ಲಿ ಯಾವ ಮಾತೂ ಹೋಗುತ್ತಿರಲಿಲ್ಲ.

ಅವಳದು ತೊಂಡಾಮುತ್ತೂರು. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ಸಿವಿಲ್ ಡಿಪ್ಲೊಮಾ ಮಾಡಿ, ಹುಡುಗಿಯಾಗಿದ್ದಾಗಲೇ ಆ ಆಫೀಸು ಸೇರಿದಳು. ಆಗ ಟ್ರೇಸಿಂಗ್ ಕಾಗದದ ಮೇಲೆ ಪೆನ್ನಿನಲ್ಲಿ ನಕ್ಷೆ ಎಳೆಯುತ್ತಿದ್ದರಂತೆ. ಕಂಪ್ಯೂಟರ್ ಬಂದ ಮೇಲೆ ಪೆನ್ನು ಹಿಡಿದವರನ್ನೆಲ್ಲ ಮನೆಗೆ ಕಳಿಸಿದರು. ಇವಳು ನಾನು ಸೈಟಿಗೆ ಹೋಗುತ್ತೇನೆ ಅಂದಳು. ಆ ಕಾಲದಲ್ಲಿ ಹೆಂಗಸು ಸೈಟಿಗೆ ಬಂದರೆ ಗಾರೆ ಕೆಲಸದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಾನೂ ನೋಡಿದ್ದೇನೆ, ಸುಳ್ಳೇಕೆ. ಎರಡು ಸಲ ಮದುವೆ ಮಾತು ಬಂದು ಮುರಿಯಿತು. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ಕೇಳಿಸಿಕೊಳ್ಳಲಿಲ್ಲ. ತಮ್ಮನ ಮನೆಯಲ್ಲಿ ಒಂದು ಕೋಣೆ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟರೆ ಎರಡು ಬಸ್ಸು ಬದಲಿಸಿ ಸೈಟು, ಮತ್ತೆ ಎರಡು ಬಸ್ಸು ಬದಲಿಸಿ ಮನೆ. ಸಂಜೆಯ ಮೇಲ್ ಬಸ್ಸಿನಲ್ಲೇ ತಯಾರಾಗುತ್ತಿತ್ತು. ಕೂರಲು ಸೀಟು ಸಿಕ್ಕಿದ ದಿನ ಬೇಗ ಬರುತ್ತಿತ್ತು, ಸಿಗದ ದಿನ ತಡವಾಗಿ.

ಐವತ್ತು ದಾಟಿದ ಮೇಲೆ ಅವಳ ಪಾದ ಊದತೊಡಗಿತು. ಸೈಟಿಗೆ ಬಂದವಳು ಮೊದಲು ಮರಳಿನ ರಾಶಿಯ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಹಿಮ್ಮಡಿ ಒತ್ತಿಕೊಂಡು, ಆಮೇಲೆ ಹೆಲ್ಮೆಟ್ ಹಾಕುತ್ತಿದ್ದಳು. “ಆಫೀಸಲ್ಲೇ ಕೂತ್ಕೋಬಾರ್ದಾ ಅಮ್ಮಣಿ?” ಎಂದು ಒಮ್ಮೆ ಕೇಳಿದೆ.

“ಆಫೀಸಲ್ ಕೂತ್ರೆ ಫೈಲ್ ಜೋಡ್ಸೋ ಕೆಲ್ಸ ಅಣ್ಣಾ. ಇಲ್ ನಾ ಬಂದ್ರೆ ನೀವ್ ಬೀಡಿ ಆರಿಸ್ತೀರಿ. ಮನೇಲಿ ನಾ ಬಂದ್ರೆ ಟೀವಿ ಸೌಂಡೂ ಕಮ್ಮಿ ಮಾಡಲ್ಲ.”

ಅದು ನಗುತ್ತಾ ಹೇಳಿದ್ದು. ಆದರೆ ಅವಳಿಗೆ ಜೀವನದಲ್ಲಿ ಬೇಕಾಗಿದ್ದದ್ದು ಅಷ್ಟೇ, ಸೈಟಿನಲ್ಲಿ ಉಳಿಯುವುದು. ಅದಕ್ಕೂ ಕಲ್ಲು ಬೀಳುವ ಹಾಗಿತ್ತು. ಚೆನ್ನಕೇಶವನ್ ಸಾರ್ ದಿವಾಕರ್ ಎಂಬ ಹೊಸ ಇಂಜಿನಿಯರ್ ಒಬ್ಬನನ್ನು ಸೇರಿಸಿಕೊಂಡಿದ್ದರು. ಬೈಕು ಇತ್ತು, ಕಾಲು ಊದಿರಲಿಲ್ಲ. ಸಾರ್ ಅವಳಿಗೆ ಎದುರಿಗೇ ಹೇಳಿದ್ದರಂತೆ: ಇನ್ನೊಂದು ಸಲ ನಿಮ್ಮ ಕಡೆಯಿಂದ ಕೆಲಸ ತಡವಾದರೆ ಸೈಟು ದಿವಾಕರ್‌ಗೆ, ನೀವು ಆಫೀಸಿಗೆ. ಇದನ್ನು ಅವಳು ನನಗೆ ಹೇಳಿದ್ದು ಪಲ್ಲಡಂ ಕೆಲಸ ಶುರುವಾದಾಗ.

ಪಲ್ಲಡಂ ಮನೆ ತಿರುಮೂರ್ತಿ ಎಂಬವರದು. ಪವರ್‌ಲೂಮ್ ಇಟ್ಟುಕೊಂಡವರು, ಅವರೂ ಕನ್ನಡದವರೇ. ಕೆಳಗೆ ನೂಲಿನ ಗೋದಾಮು, ಮೇಲೆ ವಾಸದ ಮನೆ. ತಿರುಮೂರ್ತಿಯವರದು ಎಂದೆನಲ್ಲ, ಅದು ಬಾಯಿಮಾತು. ನೆಲ ಇದ್ದದ್ದು ಅವರ ತಾಯಿ ರಾಮಾತಾಳ್ ಹೆಸರಿನಲ್ಲಿ, ಪ್ಲಾನ್ ಪಾಸಾದದ್ದೂ ಅವರ ಹೆಸರಿನಲ್ಲೇ. ನಮ್ಮ ಕಡೆ ಇದು ಹೊಸದಲ್ಲ. ಪತ್ರ ಅವ್ವನದು, ಮಾತು ಮಗನದು. ಯಾವ ಆರ್ಕಿಟೆಕ್ಟೂ ಅವ್ವನನ್ನು ಓನರ್ ಎಂದು ಕರೆದದ್ದು ನಾನು ಕಂಡಿಲ್ಲ. ನಾನೂ ಕರೆದಿಲ್ಲ.

ಗೋದಾಮಿನ ಮೇಲಿನ ಸ್ಲ್ಯಾಬ್ ಹಾಕುವ ಮುಂಚೆ ಮೀಟಿಂಗ್ ಇತ್ತು. ನೂಲಿನ ಮೂಟೆಗಳ ನಡುವೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಸಾರ್ ನಕ್ಷೆ ಬಿಡಿಸಿದರು. ತಿರುಮೂರ್ತಿ, ನಾನು, ನೋಟು ಮಾಡಿಕೊಳ್ಳಲು ತಂಗಮಣಿ. ರಾಮಾತಾಳ್ ಅವ್ವ ಮೂಟೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಎಂಬತ್ತರ ಹತ್ತಿರದ ಜೀವ, ಮೊಣಕಾಲು ಎರಡೂ ಕೆಟ್ಟಿವೆ, ಸಕ್ಕರೆ ಕಾಯಿಲೆ ಬೇರೆ. ಮೇಲಿನ ಮನೆಯಲ್ಲಿ ನೈಋತ್ಯದ ಕೋಣೆ ಅವರದು. ಆ ಕೋಣೆಯ ಮೂಲೆಗೇ ಸಾರ್ ಒಂದು ಬಾತ್‌ರೂಮ್ ಕೊಟ್ಟಿದ್ದರು.

ತಿರುಮೂರ್ತಿಗೆ ವಾಸ್ತುವಿನವರು ಏನೋ ಊದಿದ್ದರು. ನೈಋತ್ಯದಲ್ಲಿ ಕಕ್ಕಸು ಕೂಡದು, ಯಜಮಾನನಿಗೆ ಆಗಿಬರುವುದಿಲ್ಲ ಎಂದು. “ಅದನ್ನ ತೆಗೆದುಬಿಡಿ ಸಾರ್, ಮೆಟ್ಟಿಲ ಹಿಂದೆ ಹೇಗೂ ಒಂದು ಕಾಮನ್ ಬಾತ್‌ರೂಮ್ ಇದೆಯಲ್ಲ, ಅವ್ವ ಅಲ್ಲಿಗೆ ಹೋಗಲಿ” ಎಂದು ತಮಿಳಿನಲ್ಲಿ ಹೇಳಿದರು. ಸಾರ್‌ಗೆ ಅದರಲ್ಲಿ ಏನೂ ಕಷ್ಟ ಕಾಣಲಿಲ್ಲ. ಬಾತ್‌ರೂಮ್ ಇದ್ದ ಕಡೆ ಪೈಪುಗಳು ಕೂರಲು ಸ್ಲ್ಯಾಬನ್ನು ಒಂದಡಿ ತಗ್ಗಿಸಬೇಕು. ಬಾತ್‌ರೂಮ್ ಇಲ್ಲವೆಂದರೆ ಸಮತಟ್ಟಾಗಿ ಹಾಕಿಬಿಡಬಹುದು. ನನಗೂ ಸುಲಭ. ಸಾರ್ ಮರ್ಯಾದೆಗೆಂದು ಅವ್ವನ ಕಡೆ ತಿರುಗಿ “ಸರಿಯಾ ಅಮ್ಮಾ?” ಅಂದರು.

ಅವ್ವ ಏನೂ ಹೇಳಲಿಲ್ಲ. ಸೆರಗು ಹೆಗಲ ಮೇಲೆ ಎಳೆದುಕೊಂಡು, ಎಲೆಯಡಿಕೆ ಚೀಲ ಎತ್ತಿಕೊಂಡು, ಮೂಟೆ ಹಿಡಿದು ಎದ್ದು, ಒಳಗೆ ಹೋದರು.

ಮೌನಂ ಸಮ್ಮತಿ ಲಕ್ಷಣಂ ಎಂದು ಸಾರ್ ನಕ್ಕರು. ನಾನೂ ನಕ್ಕೆ. ಮುಂದಿನ ವಿಷಯಕ್ಕೆ ಹೋದೆವು, ಕರೆಂಟ್ ಪೈಪು, ಕಿಟಕಿಯ ಎತ್ತರ, ನೀರಿನ ಟ್ಯಾಂಕು.

ಈಗ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸು ಹೊರಗಿನವರ ಮುಂದೆ ಮಗನ ಮಾತಿಗೆ ಇಲ್ಲ ಅನ್ನುವುದಿಲ್ಲ. ಮಗನ ಮುಖಕ್ಕೆ ಮಸಿ ಬಳಿದ ಹಾಗೆ ಆಗುತ್ತದೆ. ಒಪ್ಪಿಗೆ ಇದ್ದರೆ ‘ಮಾಡ್ಕೋರಿ’ ಎಂದು ಬಾಯಿಬಿಟ್ಟು ಹೇಳುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಎದ್ದು ಹೋಗುತ್ತಾರೆ. ಇದು ನನಗೆ ಗೊತ್ತು, ತಂಗಮಣಿಗೆ ಗೊತ್ತು, ತಿರುಮೂರ್ತಿಗೆ ಗೊತ್ತೇ ಗೊತ್ತು. ಆದರೆ ಸೈಟಿನ ಮಾತು ತಮಿಳು, ಮೇಲ್‌ನ ಮಾತು ಇಂಗ್ಲಿಷ್. ಮನೆಯಲ್ಲಿ ಗೊತ್ತಿರುವುದನ್ನು ನಾವೆಲ್ಲ ಚಪ್ಪಲಿಯ ಜತೆ ಬಾಗಿಲಲ್ಲೇ ಬಿಟ್ಟು ಬಂದಿರುತ್ತೇವೆ.

ಸಂಜೆ ಮೇಲ್ ಬಂತು. ನಾಲ್ಕನೆಯ ವಿಷಯ: ನೈಋತ್ಯ ಕೋಣೆಯ ಬಾತ್‌ರೂಮ್ ರದ್ದು, ಓನರ್ ಒಪ್ಪಿದ್ದಾರೆ. ತಿದ್ದಿದ ನಕ್ಷೆ ಆರ್ಕಿಟೆಕ್ಟ್, ಬುಧವಾರದೊಳಗೆ. ಸ್ಲ್ಯಾಬಿನ ಅಡಿಯ ಹಲಗೆ ಕೆಲಸ ಸರಿಪಡಿಸುವುದು ಕಾಂಟ್ರಾಕ್ಟರ್, ಶನಿವಾರದೊಳಗೆ. ಸ್ಲ್ಯಾಬ್ ಕಾಂಕ್ರೀಟ್ ಸೋಮವಾರ. ಕೊನೆಗೆ ಮಾಮೂಲಿ ವಾಕ್ಯ. ಮೂರು ದಿನ ಕಳೆಯಿತು. ಯಾರೂ ಬರೆಯಲಿಲ್ಲ. ಯಾರು ಬರೆಯುತ್ತಾರೆ? ಮೇಲ್ ಹೋದದ್ದು ತಿರುಮೂರ್ತಿಗೆ. ಅವ್ವನಿಗೆ ಮೇಲ್ ಎಂದರೆ ಮೈಲು.

ನಕ್ಷೆ ಬುಧವಾರ ಬಂತು. ನಾನು ಹಲಗೆ ಸಮತಟ್ಟು ಮಾಡಿಸಿ, ಕಂಬಿ ಕಟ್ಟಿಸಿ, ಶನಿವಾರ ಸಂಜೆಗೆ ಕೈ ಒರೆಸಿಕೊಂಡೆ.

ಸೋಮವಾರ ಬೆಳಿಗ್ಗೆ ಮಿಕ್ಸರ್ ಬಂತು, ಧಾರಾಪುರದ ಕಡೆಯಿಂದ ಆಳುಗಳು ವ್ಯಾನಿನಲ್ಲಿ ಬಂದಿಳಿದರು, ಜಲ್ಲಿ ಮರಳು ಅಳೆದು ಇಟ್ಟಾಯಿತು. ತಂಗಮಣಿ ಬಂದು, ಮರಳಿನ ಮೇಲೆ ಕೂತು ಪಾದ ಒತ್ತಿಕೊಂಡು, ಏಣಿ ಹತ್ತಿ ಕಂಬಿ ಲೆಕ್ಕ ನೋಡಿದಳು. ಕಂಬಿಯ ಅಡಿಗೆ ಕಾಂಕ್ರೀಟ್ ಬಿಲ್ಲೆ ಇಟ್ಟಿದ್ದಾರೋ, ಕರೆಂಟ್ ಪೈಪು ಎಲ್ಲಾದರೂ ಒಡೆದಿದೆಯೋ, ಎಲ್ಲ. ಅವಳು ಚೆಕ್ ಮಾಡಿ ಸಹಿ ಹಾಕದೆ ನಾನು ಕಾಂಕ್ರೀಟ್ ಸುರಿಯುವ ಹಾಗಿಲ್ಲ.

ಇಲ್ಲಿಯ ಪದ್ಧತಿ ಏನೆಂದರೆ ಸ್ಲ್ಯಾಬಿಗೆ ಮೊದಲ ಬಾಂಡ್ಲಿ ಕಾಂಕ್ರೀಟನ್ನು ಮನೆಯ ಹಿರಿಯರು ಹಾಕಬೇಕು. ಅರಿಶಿನ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಬಾಂಡ್ಲಿಗೆ ಕೈ ತಾಗಿಸಿದರೂ ಸಾಕು, ಏಣಿ ಹತ್ತಬೇಕಿಲ್ಲ. ಪಾಯದ ದಿನ ರಾಮಾತಾಳ್ ಅವ್ವನೇ ಹಾಕಿದ್ದರು, ಯಾರ ಕೈಯನ್ನೂ ಹಿಡಿಯದೆ ಗುಂಡಿಯ ತನಕ ನಡೆದು ಬಂದು. ಇವತ್ತು ಕರೆಯಲು ಹೋದ ಸೊಸೆ ಕಲೈಸೆಲ್ವಿ ಒಬ್ಬರೇ ವಾಪಸು ಬಂದರು. “ಅತ್ತೆಗೆ ಮೊಣಕಾಲ್ ನೋವಂತೆ. ನೀನೇ ಹಾಕು ಅಂದ್ರು.”

ತಿರುಮೂರ್ತಿ ಗಡಿಯಾರ ನೋಡಿಕೊಂಡು “ಸರಿ ನೀನೇ ಹಾಕು, ಒಳ್ಳೆ ಹೊತ್ತು ದಾಟ್ತದೆ” ಅಂದರು. ನಾನು ಮಿಕ್ಸರ್‌ನವನಿಗೆ ಸನ್ನೆ ಮಾಡಲು ಕೈ ಎತ್ತಿದೆ. ಮೇಲಿಂದ ತಂಗಮಣಿ “ಒಂದ್ ನಿಮಿಷ ಅಣ್ಣಾ” ಅಂದಳು.

ಅವಳು ಏಣಿ ಇಳಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಕೇಳಿದಳು. “ಅವತ್ತು ಅವ್ವ ಮಾಡ್ಕೋರಿ ಅಂದ್ರಾ?”

ಅಂದಿರಲಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಮಿಕ್ಸರ್ ಕಾದಿದೆ, ಆಳು ಕಾದಿದ್ದಾರೆ. “ಮೂರ್ ದಿನ ಆಯ್ತಲ್ಲ ಅಮ್ಮಣಿ, ಯಾರೂ ಬ್ಯಾಡ ಅಂತ ಬರೀಲಿಲ್ಲ. ನಿಂದೇ ರೂಲು.”

“ನಂದೇ ರೂಲು. ಅದ್ಕೇ ಕೇಳ್ತಾ ಇರೋದು.”

ಒಳಗೆ ಹೋದಳು. ನಾನೂ ಹಿಂದೆ ಹೋದೆ. ತಿರುಮೂರ್ತಿ ಫೋನಿನಲ್ಲಿದ್ದರು. ಹಳೆಯ ಮನೆಯ ನಡುಮನೆಯಲ್ಲಿ ಅವ್ವ ಗೋಡೆಗೆ ಒರಗಿ ಕಾಲು ಚಾಚಿಕೊಂಡು ಕೂತಿದ್ದರು. ತಂಗಮಣಿ ಅವರ ಪಕ್ಕ ನೆಲದ ಮೇಲೆ ಕೂತಳು. ಇಬ್ಬರ ಪಾದವೂ ಊದಿದ್ದವು.

“ಅವ್ವಾ, ಬಾತ್‌ರೂಮ್ ತೆಗೆದಿದ್ದು ನಿಮ್ಗೆ ಒಪ್ಗೇನಾ?”

“ಈಗ್ ಕೇಳ್ತೀಯಾ?” ಅವ್ವನಿಗೆ ಸಿಟ್ಟು ಬಂದಿತ್ತು. “ಎಲ್ಲಾ ಬರ್ದು ಮುಗ್ಸಿ, ಕಂಬೀನೂ ಕಟ್ಟಿ, ಈಗ್ ಕೇಳ್ತೀಯಾ?”

“ಅವತ್ತೇ ಯೋಳ್ಬೋದಿತ್ತಲ್ಲ ಅವ್ವಾ.”

“ಅಷ್ಟ್ ಜನ ಗಂಡಸ್ರು ಕೂತವ್ರೆ. ನಂಗೆ ರಾತ್ರಿಯೆಲ್ಲಾ ಒಂದಕ್ಕೆ ಹೋಗೋಕ್ ಆಗ್ತದೆ, ಮೆಟ್ಲಿನ್ ತಾವ್ಕೆ ಹೋಗೋಷ್ಟ್ರಲ್ಲಿ ಸೀರೆ ಒದ್ದೆ ಆಗ್ತದೆ ಅಂತ ಅವ್ರ್ ಮುಂದೆ ಯೋಳ್ಬೇಕಾ? ನಿಂಗಾದ್ರೂ ಗೊತ್ತಾಗ್ಬೇಕು. ನೀ ಹೆಂಗ್ಸು, ನಮ್ಮೋಳು. ಬರ್ಕೋತಾ ಇದ್ಯಲ್ಲ, ನಾ ಎದ್ದು ಹೋಗಿದ್ದನ್ನೂ ಬರ್ಕೋತೀಯ ಅಂದ್ಕೊಂಡೆ.”

ತಂಗಮಣಿ ತಲೆ ತಗ್ಗಿಸಿಕೊಂಡು ಕೂತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ, ನನಗೆ ನಾಚಿಕೆಯಾಯಿತು. ಅವ್ವ ಮಗನಿಗಾದರೂ ಮನೆಯಲ್ಲಿ ಹೇಳಿರಲಿಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನ ತಾಯಿ ನನಗೆ ಇಂಥದ್ದು ಯಾವತ್ತು ಹೇಳಿದ್ದಳು?

ಸ್ಲ್ಯಾಬ್ ಒಮ್ಮೆ ಸಮತಟ್ಟಾಗಿ ಬಿದ್ದರೆ ಆಮೇಲೆ ಅಲ್ಲಿ ಬಾತ್‌ರೂಮ್ ಮಾಡಬಾರದೆಂದಿಲ್ಲ. ಮಾಡಬಹುದು, ನೆಲವನ್ನು ಮುಕ್ಕಾಲಡಿಯಾದರೂ ಎತ್ತರಿಸಿ ಪೈಪು ಹಾಸಬೇಕು. ಅಂದರೆ ಬಾಗಿಲಲ್ಲಿ ಒಂದು ಎತ್ತರದ ಮೆಟ್ಟಿಲು. ಆ ಮೊಣಕಾಲಿಗೆ ಅಂಥ ಬಾತ್‌ರೂಮ್ ಕೊಡುವುದೂ ಒಂದೇ, ಕೊಡದಿರುವುದೂ ಒಂದೇ. ಆಗುವುದಾದರೆ ಕಾಂಕ್ರೀಟ್ ಬೀಳುವ ಮುಂಚೆ, ಇವತ್ತೇ.

ತಂಗಮಣಿ ಹೊರಗೆ ಬಂದು ಸಾರ್‌ಗೆ ಫೋನು ಮಾಡಿದಳು. ಸ್ಪೀಕರ್ ಹಾಕಿರಲಿಲ್ಲ, ಆದರೂ ಅವರ ದನಿ ನನ್ನವರೆಗೂ ಬಂತು. “ಓನರ್ ಒಪ್ಪಿದ್ದಾರೆ ಎಂದು ನೀವೇ ಬರೆದಿದ್ದೀರಲ್ಲ. ಯಾರೂ ಆಕ್ಷೇಪಿಸಿಲ್ಲ. ಸಹಿ ಹಾಕಿ.”

“ಸಾರ್, ಓನರ್ ಅಂದರೆ ರಾಮಾತಾಳ್ ಅಮ್ಮ. ಅವರು ಒಪ್ಪಿರಲಿಲ್ಲ. ನಾನು ಮಗನ ಮಾತನ್ನು ಓನರ್ ಮಾತು ಎಂದು ಬರೆದುಬಿಟ್ಟೆ.”

“ಈಗ ನಿಲ್ಲಿಸಿದರೆ ತಡ ಯಾರ ಲೆಕ್ಕಕ್ಕೆ?”

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ಎದುರಿಗೆ ಮಿಕ್ಸರ್ ಗಡಗಡ ಅನ್ನುತ್ತಿತ್ತು. ಒಳಗೆ ನೀರು ಮಾತ್ರ ಹಾಕಿದ್ದರು. ನನಗೆ ಅವಳ ಮನಸ್ಸಿನಲ್ಲಿ ಏನು ಓಡುತ್ತಿದೆ ಎಂದು ಗೊತ್ತಿತ್ತು. ದಿವಾಕರ್, ಬೈಕು, ಫೈಲುಗಳು, ತಮ್ಮನ ಮನೆಯ ಟೀವಿ. ಸಹಿ ಹಾಕಿಬಿಡು ಅಮ್ಮಣಿ ಎಂದು ಬಾಯಿತನಕ ಬಂತು. ಅವ್ವನ ಸೀರೆಯ ಮಾತು ಕೇಳಿದ ಮೇಲೆ ಅದನ್ನು ಆಡಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

“ಮೇಲ್‌ನಲ್ಲಿ ಹಾಕುತ್ತೇನೆ ಸಾರ್” ಅಂದು ಫೋನಿಟ್ಟಳು. ನನ್ನ ಕಡೆ ತಿರುಗಿ “ಮಿಕ್ಸರ್ ಆಫ್ ಮಾಡ್ಸಿ ಅಣ್ಣಾ” ಅಂದಳು.

ತಿರುಮೂರ್ತಿ ಕೂಗಾಡಿದರು. ತೆಂಗಿನಕಾಯಿ ಒಡೆದಾಗಿದೆ, ಒಳ್ಳೆ ಹೊತ್ತು ಮೀರಿತು, ಊರೆಲ್ಲ ನಗುತ್ತದೆ ಎಂದೆಲ್ಲ. ನಾನೂ ಕೂಗಾಡಿದೆ, ಸುಮ್ಮನೆ ಬಿಡುವವನಲ್ಲ ನಾನು. ಇಷ್ಟು ಆಳನ್ನು ವಾಪಸು ಕಳಿಸಿದರೆ ನಾಳೆ ಕರೆದರೆ ಬರುತ್ತಾರಾ? ಎಲ್ಲರೂ ಅವಳ ಮೇಲೆಯೇ ಕೂಗಾಡಿದ್ದು. ಅವ್ವ ಹೊಸಿಲಿಗೆ ಬಂದು ನಿಂತ ಮೇಲೆ ತಿರುಮೂರ್ತಿಯ ದನಿ ಇಳಿಯಿತು. ಅವ್ವ ಆಗಲೂ ಬಾಯಿ ಬಿಡಲಿಲ್ಲ. ಮಗ ತಾಯಿಯ ಮುಖ ನೋಡಿದರು, ಆಮೇಲೆ ನೆಲ ನೋಡಿದರು, ಆಮೇಲೆ “ಏನಾದ್ರೂ ಮಾಡ್ಕೊಳ್ಳಿ” ಎಂದು ಲೂಮ್ ಶೆಡ್ಡಿಗೆ ಹೋದರು. ಮನೆ ಕಟ್ಟಿ ನೋಡು ಎಂದು ಗಾದೆ ಮಾಡಿದವನಿಗೆ ಕಾಂಟ್ರಾಕ್ಟರನ ಗತಿ ಗೊತ್ತಿರಲಿಲ್ಲ, ಅವನು ಒಂದೇ ಮನೆ ಕಟ್ಟಿ ನೋಡಿದ್ದ.

ವಾಸ್ತುವಿನ ಗಂಟು ಬಿಡಿಸಲು ಸಾರ್‌ಗೆ ಫೋನಿನಲ್ಲೇ ಹತ್ತು ನಿಮಿಷ ಸಾಕಾಯಿತು. ಅದನ್ನು ನೋಡಿ ನನ್ನ ಮೈ ಉರಿಯಿತು. ಅಡ್ಡಗೋಡೆ ಸ್ವಲ್ಪ ಸರಿಸಿ, ಬಾತ್‌ರೂಮನ್ನು ಮೂಲೆಯಿಂದ ಪಡುವಣ ಗೋಡೆಯ ನಡುವಿಗೆ ತಂದರು. ಪಡುವಣಕ್ಕೆ ವಾಸ್ತುವಿನವರ ತಕರಾರಿಲ್ಲ. ಆದರೆ ತಗ್ಗಿನ ಜಾಗ ಬದಲಾದ್ದರಿಂದ ಸ್ಟ್ರಕ್ಚರಲ್ ಇಂಜಿನಿಯರ್ ಹೊಸ ಕಂಬಿ ನಕ್ಷೆ ಕೊಡಬೇಕು, ನಾನು ಅಷ್ಟು ಭಾಗದ ಕಂಬಿ ಬಿಚ್ಚಿ, ಹಲಗೆ ಒಂದಡಿ ಇಳಿಸಿ, ಮತ್ತೆ ಕಟ್ಟಬೇಕು. ಒಂದು ವಾರ ನೀರಿಗೆ ಬಿತ್ತು.

ಮೇಲ್ ಅವತ್ತು ಸಂಜೆಗೆ ಕಾಯಲಿಲ್ಲ. ಆಳುಗಳು ವ್ಯಾನು ಹತ್ತುತ್ತಿರುವಾಗಲೇ ಅವಳು ಮರಳಿನ ಮೇಲೆ ಕೂತು ಬರೆದಳು. ನನ್ನ ಫೋನು ಟಿಣ್ ಅಂದಾಗ ಅವಳು ನನ್ನೆದುರಿಗೇ ಇದ್ದಳು. ಅಭ್ಯಾಸದಂತೆ ‘ಯಾರು’ ಸಾಲಿನಲ್ಲಿ ಬೆರಳಾಡಿಸಿದೆ, ಉಳಿದದ್ದನ್ನು ಅವಳೇ ಓದಿ ಹೇಳಿದಳು. ಹೊಸ ಕಂಬಿ ನಕ್ಷೆ ಆರ್ಕಿಟೆಕ್ಟ್, ಗುರುವಾರದೊಳಗೆ. ಹಲಗೆ, ಕಂಬಿ ಕಾಂಟ್ರಾಕ್ಟರ್, ಈ ಶನಿವಾರದೊಳಗೆ. ಬಾತ್‌ರೂಮ್ ಜಾಗಕ್ಕೆ ಒಪ್ಪಿಗೆ ಓನರ್ ರಾಮಾತಾಳ್, ಕೊಟ್ಟಿದ್ದಾರೆ. ಇಷ್ಟು ವರ್ಷದಲ್ಲಿ ಆ ಅವ್ವನ ಹೆಸರು ಓನರ್ ಎಂದು ಎಲ್ಲಾದರೂ ಬರೆದದ್ದಿದ್ದರೆ ನೆಲದ ಪತ್ರದಲ್ಲಿ, ಪಾಸಾದ ಪ್ಲಾನಿನಲ್ಲಿ, ಅದು ಬಿಟ್ಟರೆ ಇಲ್ಲಿಯೇ. ಅದರ ಕೆಳಗೆ ಒಂದು ಸಾಲು: ಹಿಂದಿನ ಮೇಲ್‌ನ ನಾಲ್ಕನೆಯ ವಿಷಯದಲ್ಲಿ ಓನರ್ ಒಪ್ಪಿಗೆ ಎಂದು ತಪ್ಪಾಗಿ ದಾಖಲಾಗಿದೆ. ಇದರಿಂದಾದ ತಡಕ್ಕೆ ಹೊಣೆ, ತಂಗಮಣಿ.

‘ಯಾರು’ ಸಾಲಿನಲ್ಲಿ ನಾಲ್ಕನೆಯ ಹೆಸರನ್ನು ನಾನು ಅದುವರೆಗೆ ನೋಡಿರಲಿಲ್ಲ.

“ನಿಂಗೇನ್ ತಲೆ ಕೆಟ್ಟಿದೆಯಾ?” ಅಂದೆ. “ನಿಮ್ ಸಾರ್ ಇದನ್ನೇ ಕಾಯ್ತಾ ಇದ್ರಲ್ಲ. ಓನರ್ ಮನಸ್ಸು ಬದ್ಲಾಯ್ಸಿದ್ರು ಅಂತ ಬರ್ದಿದ್ರೆ ಮುಗೀತಿತ್ತು.”

“ಅವ್ವ ಮನಸ್ಸು ಬದ್ಲಾಯ್ಸಲಿಲ್ಲ ಅಣ್ಣಾ. ಅವತ್ತೂ ಇದೇ ಮನಸ್ಸು.” ಚಪ್ಪಲಿಗೆ ಪಾದ ತುರುಕಲು ನೋಡಿದಳು, ಹೋಗಲಿಲ್ಲ. “ಸುಸ್ತಾಗಿದೆ. ಜಗಳಾ ನಾಳೆ ಆಡೋಣ.”

ಮೂರು ದಿನ. ಯಾರಾದರೂ ಆಕ್ಷೇಪಣೆ ಬರೆದರೆ ಆ ಸಾಲು ನಿಲ್ಲುವುದಿಲ್ಲ, ಮುಂದಿನ ಮೀಟಿಂಗ್‌ನಲ್ಲಿ ಮತ್ತೆ ಚರ್ಚೆಗೆ ಬರುತ್ತದೆ. ತಿರುಮೂರ್ತಿ ಬರೆಯಬಹುದಿತ್ತು, ತಾಯಿಯನ್ನು ತಾನೇ ಕೇಳಲಿಲ್ಲ ಎಂದು. ಸಾರ್ ಬರೆಯಬಹುದಿತ್ತು, ಮೌನಕ್ಕೆ ಅರ್ಥ ಹೇಳಿದ್ದೇ ಅವರು. ನಾನು ಸಾರ್‌ಗೆ ಫೋನು ಮಾಡಿ, ತಪ್ಪು ಎಲ್ಲರದ್ದೂ ಇದೆ, ನಾನೂ ಅಲ್ಲೇ ಕೂತು ನಕ್ಕವನು, ಒಬ್ಬ ಹೆಂಗಸಿನ ತಲೆಗೆ ಕಟ್ಟಬೇಡಿ ಎಂದು ಏರುದನಿಯಲ್ಲೇ ಹೇಳಿದೆ. ಅವರು ಬಹಳ ಮರ್ಯಾದೆಯಿಂದ “ಮೇಲ್‌ನಲ್ಲಿ ಹಾಕಿ ಕುಮರೇಶನ್” ಅಂದರು.

ಮೇಲ್‌ನಲ್ಲಿ ಹಾಕಿ ಅಂತೆ. ಇಷ್ಟು ವರ್ಷ ಬಂದ ಮೇಲ್‌ಗಳಲ್ಲಿ ಒಂದಕ್ಕೂ ನಾನು ಉತ್ತರ ಬರೆದವನಲ್ಲ. ಮಗಳ ಕೈಲಿ ಬರೆಸೋಣ ಎಂದರೆ ಅವಳಿಗೆ ಪರೀಕ್ಷೆ. ಹಗಲೆಲ್ಲ ಕಂಬಿ ಬಿಚ್ಚಿಸುವ ಕೆಲಸ. ಬಿಚ್ಚುವುದು ಕಟ್ಟುವುದಕ್ಕಿಂತ ಸುಸ್ತು, ಯಾರನ್ನು ಬೇಕಾದರೂ ಕೇಳಿ. ನಾಳೆ ಬರೆಯೋಣ, ನಾಳೆ ಬರೆಯೋಣ ಎಂದು ಆಯಿತು. ಕೊನೆಗೆ ಒಂದು ಬೆಳಿಗ್ಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ತಮಿಳಿನಲ್ಲೇ ಒಂದು ಬೆರಳಲ್ಲಿ ಒತ್ತಿದೆ: ನಾನು ಒಪ್ಪುವುದಿಲ್ಲ. ಮೀಟಿಂಗ್‌ನಲ್ಲಿ ಅಮ್ಮ ಎದ್ದು ಹೋದದ್ದನ್ನು ನಾನೂ ನೋಡಿದೆ, ಅರ್ಥವೂ ಆಗಿತ್ತು. ತಡಕ್ಕೆ ನಾನೂ ಹೊಣೆ. ಅವಳು ನಿಲ್ಲಿಸದಿದ್ದರೆ ನಾನು ಸುರಿಸಿಬಿಡುತ್ತಿದ್ದೆ. ಅಷ್ಟು ಬರೆಯುವಷ್ಟರಲ್ಲಿ ಟೀ ಆರಿ ತಣ್ಣಗಾಗಿತ್ತು. ಕಳಿಸಿ ನಿಟ್ಟುಸಿರು ಬಿಟ್ಟೆ. ಅದು ಶುಕ್ರವಾರ ಎಂದು ಆಮೇಲೆ ಗೊತ್ತಾಯಿತು. ಗಡುವು ಗುರುವಾರಕ್ಕೆ ಮುಗಿದಿತ್ತು.

ಮುಂದಿನ ಸೋಮವಾರ ಸ್ಲ್ಯಾಬ್ ಬಿತ್ತು. ರಾಮಾತಾಳ್ ಅವ್ವ ಬಂದು ಬಾಂಡ್ಲಿಗೆ ಕೈ ತಾಗಿಸಿ “ಮಾಡ್ಕೋರಿ” ಅಂದರು. ಸಾರ್ ಬಂದಿದ್ದರು, ದಿವಾಕರನೂ ಬೈಕಿನಲ್ಲಿ ಬಂದಿದ್ದ. ತಂಗಮಣಿ ಕಾಂಕ್ರೀಟ್ ಮುಗಿಯುವ ತನಕ ಬಿಸಿಲಲ್ಲೇ ನಿಂತಿದ್ದಳು. ಕೂರು ಅಂದರೂ ಕೂರಲಿಲ್ಲ.

ಸಂಜೆ ಮೇಲ್ ಬಂತು. ಮೊದಲನೆಯ ವಿಷಯದಲ್ಲೇ ನನ್ನ ಹೆಸರು ಇತ್ತು. ಪರೀಕ್ಷೆ ಮುಗಿಸಿ ಬಂದ ಮಗಳನ್ನು ಕರೆದು ಓದಿಸಿದೆ. ಅವಳು ಕನ್ನಡದಲ್ಲಿ ಬಿಡಿಸಿ ಹೇಳಿದಳು: ಹಿಂದಿನ ಮೇಲ್ ಬಗ್ಗೆ ಕಾಂಟ್ರಾಕ್ಟರ್ ಕುಮರೇಶನ್ ಅವರ ಆಕ್ಷೇಪಣೆ ಗಡುವು ಮುಗಿದ ಮೇಲೆ ಬಂದಿದೆ. ಪರಿಗಣಿಸಿಲ್ಲ. ದಾಖಲೆಯಲ್ಲಿ ಬದಲಾವಣೆ ಇಲ್ಲ. ಕಟ್ಟಕಡೆಯ ವಿಷಯ: ಮುಂದಿನ ಮೀಟಿಂಗ್‌ನಿಂದ ಸೈಟ್ ಮೇಲ್ವಿಚಾರಣೆ ಮತ್ತು ಮೇಲ್ ಬರೆಯುವುದು ದಿವಾಕರ್, ಬರುವ ಸೋಮವಾರದಿಂದ.

ತನ್ನನ್ನು ತೆಗೆದುಹಾಕಿದ್ದನ್ನೂ ತಾನೇ ಕೋಷ್ಟಕದಲ್ಲಿ ಬರೆದು ತಾರೀಖು ಹಾಕಿದ್ದಳು ಪುಣ್ಯಾತ್ಗಿತ್ತಿ. ನನಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಫೋನು ಹಚ್ಚಿದೆ. ಬಸ್ಸಿನ ಗದ್ದಲದ ನಡುವೆ ಎತ್ತಿದಳು.

“ಜನ್ಮದಲ್ ಒಂದ್ ಮೇಲ್ ಬರ್ದೆ, ಅದೂ ನಿಂಗೋಸ್ಕರ. ಅದನ್ನೇ ತಳ್ಳಿ ಹಾಕ್ತೀಯಾ? ಒಂದ್ ದಿನಾ ತಾನೇ ಲೇಟು?”

“ನಂಗೋಸ್ಕರ ಅಂತ ಒಂದ್ ದಿನ ಬಿಟ್ರೆ, ಇಷ್ಟ್ ವರ್ಷ ನಿಮ್ಗೆಲ್ಲಾ ಹಾಕಿದ್ ಗಡುವಿಗೆ ಏನ್ ಮರ್ಯಾದೆ ಅಣ್ಣಾ?” ಕಂಡಕ್ಟರ್ ಯಾರನ್ನೋ ಒಳಗೆ ಹೋಗಿ ಎಂದು ಗದರುತ್ತಿದ್ದ. ಸೀಟು ಸಿಕ್ಕಿರಲಿಲ್ಲವೆಂದು ಅವಳ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಅಂದಳು. “ಪರಿಗಣಿಸಿಲ್ಲ ಅಂತ ಬರ್ದಿದೀನಿ. ಓದಿಲ್ಲ ಅಂತ ಬರ್ದಿಲ್ಲ. ನಾಲ್ಕ್ ಸಲ ಓದ್ದೆ.”

ಆಮೇಲೆ ಸಿಗ್ನಲ್ ಹೋಯಿತೋ, ಅವಳೇ ಇಟ್ಟಳೋ. ನಾನು ಫೋನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ. ಅಪ್ಪಾ ಯಾಕೆ ಅಳ್ತಾ ಇದ್ದೀರಿ ಎಂದು ಮಗಳು ಕೇಳಿದಳು.